ಬ್ಯಾಟರಿ ಎಷ್ಟು ನಿಮಿಷ ಬಂತು? ಬರೆದಿಟ್ಟಿದ್ದೀರಾ?

2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ಕರೆಂಟು ಕೈಕೊಟ್ಟಿತು. ಆ ಹೊತ್ತಿನಲ್ಲಿ ಐಸಿಯುನಲ್ಲಿದ್ದ ಕೆಲವು ರೋಗಿಗಳು ತೀರಿಕೊಂಡರು. ವಿದ್ಯುತ್ ಹೋಗಿ ವೆಂಟಿಲೇಟರ್ ನಿಂತದ್ದೇ ಸಾವಿಗೆ ಕಾರಣ ಎಂದು ಕುಟುಂಬದವರು ದೂರಿದರು. ವೆಂಟಿಲೇಟರ್‌ಗಳಿಗೆ ಬ್ಯಾಟರಿ ಇತ್ತು, ಸಾವಿಗೂ ಕರೆಂಟಿಗೂ ಸಂಬಂಧವಿಲ್ಲ ಎಂದು ಆಸ್ಪತ್ರೆ ಹೇಳಿತು. ವಿಧಾನಸಭೆಯಲ್ಲಿ ಗದ್ದಲವಾಯಿತು, ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಪತ್ರಿಕೆಗಳಲ್ಲಿ ಕೇಬಲ್, ಜನರೇಟರ್, ಹೊಣೆಗಾರಿಕೆಗಳ ಚರ್ಚೆ ಹಲವು ದಿನ ನಡೆಯಿತು.

ಇಂಥ ಯಾವುದೇ ಘಟನೆಯಲ್ಲಿ ಬ್ಯಾಟರಿ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಬ್ಯಾಟರಿ ಇಲ್ಲದ ಐಸಿಯು ವೆಂಟಿಲೇಟರ್ ಈಗ ಸಿಗುವುದೇ ಅಪರೂಪ. ಆ ಬ್ಯಾಟರಿಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವತ್ತು, ಅಂದು ಅದು ಎಷ್ಟು ನಿಮಿಷ ಯಂತ್ರವನ್ನು ನಡೆಸಿತು ಎಂಬುದು ಉಳಿದರ್ಧ. ಅದಕ್ಕೆ ಉತ್ತರ ಕಂಪನಿಯ ಬ್ರೋಷರ್‌ನಲ್ಲಿ ಸಿಗುವುದಿಲ್ಲ. ಆಸ್ಪತ್ರೆಯ ಮೇಂಟೆನೆನ್ಸ್ ಲಾಗ್ ಬುಕ್‌ನಲ್ಲಿ, ಆ ಯಂತ್ರದ ಹೆಸರಿನ ಪುಟದಲ್ಲಿ ಒಂದು ಸಂಖ್ಯೆಯಾಗಿ ಇದ್ದರೆ ಇರುತ್ತದೆ.

ಬಳ್ಳಾರಿಯ ನೆರೆಯ ರಾಯಚೂರು ಜಿಲ್ಲೆಯನ್ನೇ ತೆಗೆದುಕೊಳ್ಳಬಹುದು. ನಗರದಲ್ಲಿ ರಿಮ್ಸ್ ಬೋಧಕ ಆಸ್ಪತ್ರೆ ಜಿಲ್ಲಾ ಆಸ್ಪತ್ರೆಯ ಹೊಣೆ ಹೊತ್ತಿದೆ. ದೇವದುರ್ಗ, ಮಾನ್ವಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಎರಡೂ ಊರುಗಳಿಂದ ನಗರಕ್ಕೆ ಹೆಚ್ಚುಕಡಿಮೆ 50 ಕಿಲೋಮೀಟರ್ ದಾರಿ. ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ಸೀಮೆಯಾದ್ದರಿಂದ ಕೀಟನಾಶಕ ಕುಡಿದವರು, ಹಾವು ಕಡಿದವರು ತುರ್ತು ವಿಭಾಗಕ್ಕೆ ಬರುವುದು ಇಲ್ಲಿ ಹೊಸದಲ್ಲ. ಇಬ್ಬರಿಗೂ ಉಸಿರಾಟದ ಸ್ನಾಯುಗಳು ಸೋಲಬಹುದು, ಆಗ ವೆಂಟಿಲೇಟರ್ ಬೇಕು. ಔಷಧಿಯನ್ನು ಗಂಟೆಗೆ ಇಷ್ಟು ಮಿಲಿಲೀಟರ್ ಎಂದು ಅಳೆದು ಕೊಡಲು ಇನ್ಫ್ಯೂಷನ್ ಪಂಪ್ ಬೇಕು. ಈ ಎರಡು ಯಂತ್ರಗಳು ಕೆಡುವ ರೀತಿಯೂ, ಕೆಡುವ ಮುಂಚೆ ಕೊಡುವ ಸುಳಿವೂ ಬೇರೆ ಬೇರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಯಂತ್ರ ಕೆಟ್ಟು ಮೂಲೆ ಸೇರುವ ಕಥೆ ದೇಶಕ್ಕೆಲ್ಲ ಗೊತ್ತು. ರಾಷ್ಟ್ರೀಯ ಆರೋಗ್ಯ ಅಭಿಯಾನ ರಾಜ್ಯಗಳಲ್ಲಿ ವೈದ್ಯಕೀಯ ಉಪಕರಣಗಳನ್ನು ಎಣಿಸಿದಾಗ 13ರಿಂದ 34 ಶೇಕಡಾ ಉಪಕರಣಗಳು ಕೆಲಸ ಮಾಡದೆ ಬಿದ್ದಿದ್ದವು. ಅದರ ಬೆನ್ನಿಗೇ 2015ರಲ್ಲಿ ಬಯೋಮೆಡಿಕಲ್ ಉಪಕರಣ ನಿರ್ವಹಣಾ ಕಾರ್ಯಕ್ರಮ ಬಂತು. ಜಿಲ್ಲಾ ಆಸ್ಪತ್ರೆಯ ಉಪಕರಣಗಳು 95 ಶೇಕಡಾ ಸಮಯ, ಸಮುದಾಯ ಆರೋಗ್ಯ ಕೇಂದ್ರದವು 90 ಶೇಕಡಾ, ಪ್ರಾಥಮಿಕ ಆರೋಗ್ಯ ಕೇಂದ್ರದವು 80 ಶೇಕಡಾ ಸಮಯ ಚಾಲೂ ಇರಬೇಕು ಎಂಬುದು ಅದರ ಗುರಿ. 95 ಶೇಕಡಾ ಎಂದರೆ ವರ್ಷದಲ್ಲಿ 18 ದಿನಕ್ಕಿಂತ ಹೆಚ್ಚು ಯಂತ್ರ ಬಂದ್ ಆಗಿರಬಾರದು.

ಇದು ಒಳ್ಳೆಯ ಗುರಿಯೇ. ಆದರೆ ಈ ಲೆಕ್ಕಕ್ಕೆ ಸಿಗದ ಕೆಡುಕೊಂದಿದೆ. ಯಂತ್ರ ಚಾಲೂ ಇದೆ, ಪರದೆ ಬೆಳಗುತ್ತಿದೆ, ಯಾರೂ ದೂರು ಕೊಟ್ಟಿಲ್ಲ. ಆದರೆ ಬ್ಯಾಟರಿ ಹತ್ತು ನಿಮಿಷಕ್ಕೆ ಸೋಲುತ್ತದೆ, ಆಮ್ಲಜನಕದ ಸೆನ್ಸರ್ ಸುಳ್ಳು ಹೇಳುತ್ತದೆ, ಪಂಪ್ ಹತ್ತರಲ್ಲೊಂದು ಪಾಲು ಕಡಿಮೆ ಸುರಿಯುತ್ತದೆ. ಕಾರ್ಯಕ್ರಮದ ಕಾಗದದಲ್ಲಿ ಈ ಯಂತ್ರ ನೂರಕ್ಕೆ ನೂರು. ಹಾಸಿಗೆಯ ಪಕ್ಕದಲ್ಲಿ ಅಲ್ಲ. ಮುನ್ನೆಚ್ಚರಿಕೆಯ ನಿರ್ವಹಣೆಯ ಲಾಗ್ ಬುಕ್ ಇರುವುದು ಈ ಮೂರು ಬಗೆಯ ಕೆಡುಕನ್ನು ಹಿಡಿಯುವುದಕ್ಕೆ.

ಮೊದಲು ಎರಡು ಪುಸ್ತಕಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಸ್ಟಾಫ್ ನರ್ಸ್ ಪಾಳಿಯಲ್ಲಿ ನೋಡುವ ದಿನದ ಪಟ್ಟಿ: ಪ್ಲಗ್ ಹಾಕಿದೆಯೇ, ಚಾರ್ಜಿಂಗ್ ದೀಪ ಉರಿಯುತ್ತಿದೆಯೇ, ಟ್ಯೂಬು ಸೋರುತ್ತಿಲ್ಲವೇ, ಅಲಾರಂ ಕೇಳಿಸುತ್ತದೆಯೇ. ಇದಕ್ಕೆ ಟಿಕ್ ಸಾಕು. ಎರಡನೆಯದು ಬಯೋಮೆಡಿಕಲ್ ಇಂಜಿನಿಯರ್ ಅಥವಾ ಕಂಪನಿಯ ಸರ್ವಿಸ್ ತಂತ್ರಜ್ಞ ಮೂರು ಇಲ್ಲವೆ ಆರು ತಿಂಗಳಿಗೊಮ್ಮೆ ಉಪಕರಣ ಹಿಡಿದು ಅಳೆದು ಬರೆಯುವ ಪುಸ್ತಕ. ಇಲ್ಲಿ ಟಿಕ್ ಹಾಕಿದರೆ ಆ ಭೇಟಿ ಬಹುಪಾಲು ವ್ಯರ್ಥ. ಎಷ್ಟು ಇರಬೇಕಿತ್ತು, ಎಷ್ಟು ಬಂತು ಎಂಬ ಎರಡು ಅಂಕಿ ಪಕ್ಕಪಕ್ಕದಲ್ಲಿ ಬೇಕು.

ಪುಟದ ತಲೆಯಲ್ಲಿ ಯಂತ್ರದ ಸೀರಿಯಲ್ ನಂಬರ್ ಇರಲೇಬೇಕು. ‘ಐಸಿಯು ಬೆಡ್ 4ರ ವೆಂಟಿಲೇಟರ್’ ಎಂದು ಬರೆದರೆ ಮುಂದಿನ ವಾರ ಆ ಯಂತ್ರ ಬೆಡ್ 7ರ ಪಕ್ಕ ಇರುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎಂಟು ಹತ್ತು ಯಂತ್ರ ಸಾಲಾಗಿ ನಿಂತಲ್ಲಿ, ಒಂದಕ್ಕೆ ಹಾಕಿದ ಹೊಸ ಬ್ಯಾಟರಿ ಪುಸ್ತಕದಲ್ಲಿ ಇನ್ನೊಂದರ ಖಾತೆಗೆ ಹೋಗುವುದು ಸುಲಭ. ಸೀರಿಯಲ್ ನಂಬರಿನ ಕೆಳಗೆ ಅಳವಡಿಸಿದ ದಿನ, ವಾರಂಟಿ ಅಥವಾ ನಿರ್ವಹಣಾ ಗುತ್ತಿಗೆ ಮುಗಿಯುವ ದಿನ, ಅಳೆದ ದಿನ ಅವರ್ ಮೀಟರ್ ಎಷ್ಟಿತ್ತು ಎಂಬುದು ಬರಬೇಕು. ವೆಂಟಿಲೇಟರ್ ತಾನು ಎಷ್ಟು ಗಂಟೆ ಓಡಿದೆ ಎಂದು ಸರ್ವಿಸ್ ಪರದೆಯಲ್ಲಿ ತೋರಿಸುತ್ತದೆ. ಆ ಅಂಕಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಮುಂದೆ ತಿಳಿಯುತ್ತದೆ.

ಈಗ ಬ್ಯಾಟರಿ. ಪರೀಕ್ಷೆ ಸರಳ, ಆದರೆ ತಾಳ್ಮೆ ಬೇಡುತ್ತದೆ. ರೋಗಿಗೆ ಜೋಡಿಸದ ಯಂತ್ರವನ್ನು ರಾತ್ರಿಯಿಡೀ ಚಾರ್ಜ್ ಮಾಡಬೇಕು. ಬೆಳಿಗ್ಗೆ ರೋಗಿಯ ಬದಲು ರಬ್ಬರಿನ ಟೆಸ್ಟ್ ಲಂಗ್ ಜೋಡಿಸಿ, ವಯಸ್ಕರಿಗೆ ಇಡುವ ಸಾಮಾನ್ಯ ಸೆಟ್ಟಿಂಗ್ ಇಡಬೇಕು: ಒಂದು ಉಸಿರಿಗೆ 500 ಮಿಲಿಲೀಟರ್, ನಿಮಿಷಕ್ಕೆ 15 ಉಸಿರು, ಪೀಪ್ 5. ಆಮೇಲೆ ಗೋಡೆಯ ಪ್ಲಗ್ ಕಿತ್ತು ಗಡಿಯಾರ ನೋಡಬೇಕು. ಕರೆಂಟು ಹೋಗಿದೆ ಎಂಬ ಅಲಾರಂ ಕೂಗಿತೇ? ಬ್ಯಾಟರಿ ಕಡಿಮೆ ಎಂಬ ಅಲಾರಂ ಎಷ್ಟನೆಯ ನಿಮಿಷಕ್ಕೆ ಬಂತು? ಅದಾದ ಮೇಲೆ ಯಂತ್ರ ಎಷ್ಟು ಹೊತ್ತು ತಾಳಿತು? ಮೂರೂ ಉತ್ತರ ಪುಟಕ್ಕೆ ಹೋಗಬೇಕು. ಪ್ರತಿ ಸಲವೂ ಅದೇ ಸೆಟ್ಟಿಂಗ್ ಇರಬೇಕು, ಇಲ್ಲದಿದ್ದರೆ ಈ ಸಲದ ಅಂಕಿಯನ್ನು ಹೋದ ಸಲದ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.

ಒಂದು ಕಲ್ಪಿತ ಪುಟವನ್ನು ಹತ್ತಿರದಿಂದ ನೋಡೋಣ. ಅಳವಡಿಸಿದ ದಿನ ಬ್ಯಾಟರಿ 210 ನಿಮಿಷ ಬಂದಿದೆ. ಆರು ತಿಂಗಳಿಗೆ 195. ವರ್ಷಕ್ಕೆ 170. ಒಂದೂವರೆ ವರ್ಷಕ್ಕೆ 120. ಎರಡು ವರ್ಷಕ್ಕೆ 55. ಈ ಐದೂ ದಿನ ಪರೀಕ್ಷೆಗೆ ಮುಂಚೆ ಪರದೆಯ ಮೇಲೆ ‘ಬ್ಯಾಟರಿ ಫುಲ್’ ಎಂಬ ಚಿತ್ರವೇ ಇತ್ತು. ಬ್ಯಾಟರಿ ಎಷ್ಟು ಸವೆದಿದೆ ಎಂದು ಆ ಚಿತ್ರ ಹೇಳುವುದಿಲ್ಲ. ಈಗಿರುವ ಬ್ಯಾಟರಿ ತನ್ನ ಮಟ್ಟಿಗೆ ತುಂಬಿದೆ ಎಂದಷ್ಟೇ ಹೇಳುತ್ತದೆ. ಸವೆದ ಬ್ಯಾಟರಿ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ.

ಇಳಿಕೆ ಒಂದೇ ಸಮ ಇಲ್ಲ ಎಂಬುದನ್ನೂ ಗಮನಿಸಬೇಕು. ಮೊದಲ ಆರು ತಿಂಗಳಲ್ಲಿ 15 ನಿಮಿಷ ಹೋಯಿತು, ಕೊನೆಯ ಆರು ತಿಂಗಳಲ್ಲಿ 65 ಹೋಯಿತು. ಹಾಗಾಗಿ ‘ಇನ್ನೂ ಎರಡು ಗಂಟೆ ಬರುತ್ತದಲ್ಲ’ ಎಂದು ಒಂದೂವರೆ ವರ್ಷದ ಹೊತ್ತಿಗೆ ಸುಮ್ಮನಾದವರು ಮೋಸ ಹೋಗುತ್ತಾರೆ. ಹೊಸತರಲ್ಲಿ ಬಂದದ್ದರ 70 ಶೇಕಡಾಕ್ಕಿಂತ ಕೆಳಗೆ ಇಳಿದರೆ ಬದಲಿಸುವುದು ಎಂದು ಆಸ್ಪತ್ರೆ ಗೆರೆ ಹಾಕಿಕೊಂಡರೆ, 210ರ 70 ಶೇಕಡಾ 147. ಅಂದರೆ 120 ಬರೆದ ದಿನವೇ ಇಂಡೆಂಟ್ ಹೋಗಬೇಕು. ಸರ್ಕಾರಿ ಖರೀದಿಯಲ್ಲಿ ಇಂಡೆಂಟ್ ಬರೆದ ದಿನದಿಂದ ಬ್ಯಾಟರಿ ಕೈಗೆ ಬರುವ ತನಕ ತಿಂಗಳುಗಳೇ ಹಿಡಿಯಬಹುದು. ಗೆರೆಯನ್ನು ಎತ್ತರದಲ್ಲಿ ಹಾಕುವುದು ಆ ತಿಂಗಳುಗಳ ಸಲುವಾಗಿ.

ಜನರೇಟರ್ ಇರುವಾಗ ಇಷ್ಟೊಂದು ನಿಮಿಷ ಏಕೆ ಎಂದು ಕೇಳುವವರಿದ್ದಾರೆ. ಊರಿನ ಕರೆಂಟು ಹೋದರೆ ಜನರೇಟರ್ ಬರುತ್ತದೆ ನಿಜ. ಆದರೆ ವಾರ್ಡಿನೊಳಗಿನ ಕೇಬಲ್ ಸುಟ್ಟರೆ, ಸ್ವಿಚ್ ಬೋರ್ಡಿನ ಬ್ರೇಕರ್ ಬಿದ್ದರೆ, ಯಾರದೋ ಕಾಲು ತಾಗಿ ಎಕ್ಸ್‌ಟೆನ್ಷನ್ ಬಾಕ್ಸಿನ ಪ್ಲಗ್ ಸಡಿಲವಾದರೆ ಜನರೇಟರ್ ಓಡುತ್ತಿದ್ದರೂ ಆ ಹಾಸಿಗೆಗೆ ವಿದ್ಯುತ್ ಮುಟ್ಟುವುದಿಲ್ಲ. ದೋಷ ಹುಡುಕಿ ಸರಿಪಡಿಸುವ ತನಕ ಅಥವಾ ರೋಗಿಯನ್ನು ಇನ್ನೊಂದು ವಾರ್ಡಿಗೆ ಸಾಗಿಸುವ ತನಕ ಬ್ಯಾಟರಿ ಒಂದೇ ಗತಿ.

ರಾಯಚೂರಿನ ಬಿಸಿಲು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯ, ತಾಪಮಾನ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳು ಬಹುಕಾಲದಿಂದ ಬಳಸುವ ಸೂತ್ರ. ಲಿಥಿಯಂ ಬ್ಯಾಟರಿಯೂ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ. ಎಸಿ ಇರುವ ಐಸಿಯುನಲ್ಲಿ ನಿಂತ ಯಂತ್ರಕ್ಕೂ, ತಗಡಿನ ಮಾಡಿನ ಸ್ಟೋರ್ ರೂಮಿನಲ್ಲಿ ಬೇಸಿಗೆ ಕಳೆದ ಯಂತ್ರಕ್ಕೂ ಒಂದೇ ತಾರೀಕಿನಲ್ಲಿ ಬ್ಯಾಟರಿ ಬದಲಿಸುವುದು ಸರಿಯಾಗುವುದಿಲ್ಲ. ಅಳೆದ ನಿಮಿಷಗಳೇ ನಿರ್ಧರಿಸಬೇಕು.

ಕೋವಿಡ್ ಕಾಲದಲ್ಲಿ ದೇಶದ ತುಂಬ ವೆಂಟಿಲೇಟರ್ ಬಂದವು. ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು: ಬೆಂಗಳೂರಿನ ಬಿಇಎಲ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 2020ರಲ್ಲಿ 30 ಸಾವಿರ ವೆಂಟಿಲೇಟರ್‌ಗಳನ್ನು ತಯಾರಿಸುವ ಕೆಲಸ ಹೊತ್ತಿತು. ಆ ಸಮಯದಲ್ಲಿ ಬಂದ ಯಾವ ಕಂಪನಿಯ ಯಂತ್ರವೇ ಆಗಲಿ, ಈಗ ಅದಕ್ಕೆ ಹಲವು ವರ್ಷ ತುಂಬಿದೆ. ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷದ ಸಾಮಾನು. ಅಂದಿನ ಬ್ಯಾಟರಿಯನ್ನು ಬದಲಿಸಿದ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದಿದ್ದರೆ ಆ ಯಂತ್ರದ ಪ್ಲಗ್ ಕಿತ್ತು ನೋಡದೆ ರೋಗಿಗೆ ಜೋಡಿಸುವಂತಿಲ್ಲ.

ಬಳಸದೆ ಇಟ್ಟ ಯಂತ್ರ ಹೊಸದರಂತೆಯೇ ಉಳಿಯುತ್ತದೆ ಎಂಬ ನಂಬಿಕೆ ತಾಲೂಕು ಆಸ್ಪತ್ರೆಗಳಿಗೆ ದೊಡ್ಡ ಅಪಾಯ. ಅಲ್ಲಿ ಐಸಿಯು ಹಾಸಿಗೆಗಳು ಕಡಿಮೆ, ವೆಂಟಿಲೇಟರ್ ನಡೆಸಬಲ್ಲ ಅರಿವಳಿಕೆ ತಜ್ಞರು ದಿನದ 24 ಗಂಟೆ ಇರುವುದು ಕಷ್ಟ. ಹಾಗಾಗಿ ಯಂತ್ರ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತಿರುತ್ತದೆ. ಪ್ಲಗ್ ಹಾಕದೆ ತಿಂಗಳುಗಟ್ಟಲೆ ಬಿಟ್ಟ ಬ್ಯಾಟರಿ ತಾನಾಗಿಯೇ ಸೋರಿ, ಮತ್ತೆ ಚಾರ್ಜ್ ಹಿಡಿಯದ ಮಟ್ಟಕ್ಕೆ ಇಳಿಯುತ್ತದೆ. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಬಳಕೆಯಿಲ್ಲದ ವೆಂಟಿಲೇಟರ್ ಇದ್ದರೆ ಅದಕ್ಕೆ ಬೇಕಾದದ್ದು ಎರಡೇ: ಸದಾ ಚಾಲೂ ಇರುವ ಒಂದು ಪ್ಲಗ್, ತಿಂಗಳಿಗೊಮ್ಮೆ ಟೆಸ್ಟ್ ಲಂಗ್ ಹಾಕಿ ಅರ್ಧ ಗಂಟೆ ಓಡಿಸಿ ಬರೆದ ಒಂದು ಸಾಲು.

ವೆಂಟಿಲೇಟರ್‌ನ ಇನ್ನೊಂದು ಭಾಗವೂ ಸುಮ್ಮನೆ ಕೂತಲ್ಲೇ ಸಾಯುತ್ತದೆ. ಅದು ಆಮ್ಲಜನಕದ ಸೆನ್ಸರ್. ಬಹಳಷ್ಟು ಯಂತ್ರಗಳಲ್ಲಿ ಇದು ಹೆಬ್ಬೆರಳು ಗಾತ್ರದ ಒಂದು ಸಣ್ಣ ರಾಸಾಯನಿಕ ಕೋಶ. ಒಳಗೆ ಸೀಸ ಇರುತ್ತದೆ. ತೆಳು ಪೊರೆಯ ಮೂಲಕ ಆಮ್ಲಜನಕ ಒಳಹೊಕ್ಕು ಸೀಸದ ಜೊತೆ ಪ್ರತಿಕ್ರಿಯಿಸಿದಾಗ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಿದಷ್ಟೂ ಮಿಲಿವೋಲ್ಟ್ ಹೆಚ್ಚು. ಯಂತ್ರ ಅದನ್ನೇ ಶೇಕಡಾ ಲೆಕ್ಕಕ್ಕೆ ತಿರುಗಿಸಿ ಪರದೆಯಲ್ಲಿ ತೋರಿಸುತ್ತದೆ. ಸೀಸ ತೀರಿದ ದಿನ ಸೆನ್ಸರ್ ತೀರಿತು. ಕೋಣೆಯ ಗಾಳಿಯಲ್ಲೂ 21 ಶೇಕಡಾ ಆಮ್ಲಜನಕ ಇರುವುದರಿಂದ ಯಂತ್ರ ಬಂದ್ ಇದ್ದರೂ ಸೀಸ ಕರಗುತ್ತಲೇ ಇರುತ್ತದೆ. ಸಾಮಾನ್ಯ ಬಾಳಿಕೆ ಒಂದರಿಂದ ಎರಡು ವರ್ಷ.

ಇದನ್ನು ಅಳೆಯುವುದು ಎರಡು ಬಿಂದುಗಳಲ್ಲಿ. ಕೋಣೆಯ ಗಾಳಿ ಕೊಟ್ಟಾಗ 21 ತೋರಿಸಬೇಕು, ಶುದ್ಧ ಆಮ್ಲಜನಕ ಕೊಟ್ಟಾಗ 100ರ ಹತ್ತಿರ ತೋರಿಸಬೇಕು. ಮುದಿ ಸೆನ್ಸರ್ 21 ಅನ್ನು ಸರಿಯಾಗಿಯೇ ತೋರಿಸಿ, 100ರ ಕಡೆ ಏರುವಾಗ 88ಕ್ಕೋ 90ಕ್ಕೋ ನಿಲ್ಲುತ್ತದೆ, ಇಲ್ಲವೇ ಬಹಳ ನಿಧಾನವಾಗಿ ಏರುತ್ತದೆ. ಗಾಳಿಯಲ್ಲಿ ಮಾತ್ರ ಪರೀಕ್ಷಿಸಿ ಟಿಕ್ ಹಾಕಿದವರಿಗೆ ಈ ದೋಷ ಕಾಣುವುದೇ ಇಲ್ಲ. ಹಾಸಿಗೆಯ ಪಕ್ಕದಲ್ಲಿ ಇದರ ಪರಿಣಾಮ ಏನೆಂದರೆ, ಯಂತ್ರ ಕೊಡಬೇಕಾದಷ್ಟು ಆಮ್ಲಜನಕ ಕೊಡುತ್ತಿದ್ದರೂ ಪರದೆ ಕಡಿಮೆ ಎನ್ನುತ್ತದೆ, ಅಲಾರಂ ಕೂಗುತ್ತದೆ. ಪದೇ ಪದೇ ಕೂಗುವ ಅಲಾರಂನ ಬಾಯಿ ಮುಚ್ಚಿಸುವುದು ಸಿಬ್ಬಂದಿಗೆ ಅಭ್ಯಾಸವಾಗುತ್ತದೆ. ಮುಂದೊಂದು ದಿನ ಪೈಪ್‌ಲೈನಿನ ಒತ್ತಡ ನಿಜವಾಗಿಯೂ ಬಿದ್ದಾಗ ಅದೇ ಅಲಾರಂ ಮತ್ತೆ ಕೂಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಸೆನ್ಸರ್ ಬಗ್ಗೆ ಸ್ಟೋರ್ ಕೀಪರ್‌ಗೂ ಒಂದು ಮಾತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಒಟ್ಟಿಗೆ ಇಪ್ಪತ್ತು ತಂದಿಟ್ಟರೆ ಲಾಭವಿಲ್ಲ. ಮುಚ್ಚಿದ ಪೊಟ್ಟಣದೊಳಗೂ ಅದಕ್ಕೆ ಅವಧಿ ಇದೆ. ಪುಸ್ತಕದಲ್ಲಿ ಅಳವಡಿಸಿದ ದಿನದ ಜೊತೆ ಪೊಟ್ಟಣದ ಮೇಲಿನ ತಯಾರಿಕೆಯ ದಿನವನ್ನೂ ಬರೆಯಬೇಕು. ಕೆಲವು ಹೊಸ ಯಂತ್ರಗಳಲ್ಲಿ ಸವೆಯದ ಬೇರೆ ಬಗೆಯ ಸೆನ್ಸರ್ ಇರುತ್ತದೆ. ಯಾವ ಯಂತ್ರದಲ್ಲಿ ಯಾವುದು ಎಂದು ಪುಟದ ತಲೆಯಲ್ಲೇ ಬರೆದಿಟ್ಟರೆ ಬೇಡದ ಖರೀದಿ ತಪ್ಪುತ್ತದೆ.

ದೂಳಿನ ವಿಷಯ ಚಿಕ್ಕದು, ಬೇಗ ಮುಗಿಸಬಹುದು. ಕೋಣೆಯ ಗಾಳಿಯನ್ನೇ ಎಳೆದು ಟರ್ಬೈನ್‌ನಿಂದ ಒತ್ತುವ ಯಂತ್ರಗಳಲ್ಲಿ ಗಾಳಿ ಒಳಹೋಗುವ ಫಿಲ್ಟರ್ ಕಟ್ಟಿಕೊಂಡರೆ ಟರ್ಬೈನ್ ಹೆಚ್ಚು ತಿರುಗುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿಯನ್ನೂ ಬೇಗ ತಿನ್ನುತ್ತದೆ. ಫ್ಯಾನಿನ ಸ್ಪಂಜು ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕುವಂಥದ್ದು. ಒಳಗಿನ ಸೂಕ್ಷ್ಮ ಫಿಲ್ಟರ್ ಮಾತ್ರ ತೊಳೆಯುವಂಥದ್ದಲ್ಲ, ಬದಲಿಸುವಂಥದ್ದು. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಅವಧಿ ಎಸಿ ಕೋಣೆಯ ಲೆಕ್ಕ. ಎಡೆದೊರೆ ನಾಡಿನ ಮಾರ್ಚ್‌ನಿಂದ ಜೂನ್‌ವರೆಗಿನ ದೂಳಿಗೆ ಆ ಅವಧಿಯನ್ನು ಅರ್ಧ ಮಾಡಿಕೊಳ್ಳುವುದೇ ಲೇಸು.

ಇನ್ಫ್ಯೂಷನ್ ಪಂಪ್ ನೋಡಲು ಸಾಧು ಯಂತ್ರ. ಬಾಟಲಿಯಿಂದ ಬರುವ ನಳಿಕೆಯನ್ನು ಬಾಗಿಲೊಳಗೆ ಇಟ್ಟು ಮುಚ್ಚಿದರೆ, ಒಳಗಿನ ಬೆರಳಿನಂಥ ಕಡ್ಡಿಗಳು ಒಂದರ ನಂತರ ಒಂದು ನಳಿಕೆಯನ್ನು ಒತ್ತುತ್ತ ದ್ರವವನ್ನು ಮುಂದೆ ತಳ್ಳುತ್ತವೆ. ಸಿರಿಂಜ್ ಪಂಪ್ ಆದರೆ ಸಿರಿಂಜಿನ ಹಿಂಬದಿಯನ್ನು ತಿರುಪು ನಿಧಾನವಾಗಿ ತಳ್ಳುತ್ತದೆ. ಪಂಪ್ ಎಷ್ಟು ಸುರಿಯಿತು ಎಂದು ನೋಡಲು ಲಕ್ಷಾಂತರ ರೂಪಾಯಿಯ ಅನಲೈಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಒಳ್ಳೆಯ ಎಲೆಕ್ಟ್ರಾನಿಕ್ ತಕ್ಕಡಿಯಿಂದಲೂ ಆಗುತ್ತದೆ, ಏಕೆಂದರೆ ಒಂದು ಮಿಲಿಲೀಟರ್ ನೀರಿನ ತೂಕ ಹೆಚ್ಚುಕಡಿಮೆ ಒಂದು ಗ್ರಾಂ.

ತಕ್ಕಡಿಯ ಮೇಲೆ ಬೀಕರ್ ಇಟ್ಟು, ಗಂಟೆಗೆ 60 ಮಿಲಿಲೀಟರ್ ಎಂದು ಪಂಪ್ ಹಾಕಿ, ಹರಿವು ಹದಕ್ಕೆ ಬರಲು ಮೊದಲ ಕಾಲು ಗಂಟೆ ಬಿಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು ಒಂದು ಗಂಟೆ ಕಾಯಬೇಕು. 60 ಗ್ರಾಂ ಬರಬೇಕು. ಇಂಥ ಪಂಪ್‌ಗಳಿಗೆ ಕಂಪನಿಗಳು ಸಾಮಾನ್ಯವಾಗಿ ಹೇಳಿಕೊಳ್ಳುವ ನಿಖರತೆ 5 ಶೇಕಡಾ ಆಚೀಚೆ. ಅಂದರೆ 57ರಿಂದ 63 ಗ್ರಾಂ ನಡುವೆ ಇದ್ದರೆ ಪಾಸು.

ಒಂದು ಪಂಪ್ 54.6 ಗ್ರಾಂ ಕೊಟ್ಟಿತು ಎಂದುಕೊಳ್ಳೋಣ. 9 ಶೇಕಡಾ ಕಡಿಮೆ. ವಾರ್ಡಿನಲ್ಲಿ ಕೇಳಿದರೆ “ಪಂಪ್ ಚಲೋ ಐತ್ರಿ ಸರ್, ದಿನಾ ಹಾಕ್ತೀವಿ” ಎಂಬ ಉತ್ತರ ಬರುತ್ತದೆ. ಅದೂ ಸುಳ್ಳಲ್ಲ. ಪುಸ್ತಕದಲ್ಲಿ ‘ಫೇಲ್’ ಎಂದು ಬರೆದು ಕಂಪನಿಗೆ ಕಳಿಸಿದರೆ ಎರಡು ತಿಂಗಳು ಪಂಪ್ ಇಲ್ಲ. ತಿಳಿದ ತಂತ್ರಜ್ಞ ಅದಕ್ಕೆ ಮೊದಲು ನಳಿಕೆಯ ಪೊಟ್ಟಣ ನೋಡುತ್ತಾನೆ. ಪಂಪ್ ತಯಾರಿಸಿದವರು ಹೇಳಿದ ಐವಿ ಸೆಟ್ ಹಾಕಿ ಮತ್ತೆ ಅಳೆದಾಗ 59.1 ಗ್ರಾಂ ಬಂತು, ಒಂದೂವರೆ ಶೇಕಡಾ ಮಾತ್ರ ಕಡಿಮೆ. ಪಂಪ್ ನೆಟ್ಟಗಿದೆ, ಸ್ಟೋರ್‌ನಿಂದ ಬಂದ ಬೇರೆ ಬ್ರ್ಯಾಂಡಿನ ಸೆಟ್‌ನ ನಳಿಕೆ ಒಳಗೆ ತುಸು ಸಣ್ಣದು. ಕಡ್ಡಿಗಳು ಒತ್ತುವ ಸಲ ಅಷ್ಟೇ, ಪ್ರತಿ ಒತ್ತಿಗೆ ಮುಂದೆ ಹೋಗುವ ದ್ರವ ಕಡಿಮೆ. ಹಲವು ಪಂಪ್‌ಗಳ ಮೆನುವಿನಲ್ಲಿ ಸೆಟ್‌ನ ಬ್ರ್ಯಾಂಡ್ ಆರಿಸಲು, ಇಲ್ಲವೇ ಹೊಸ ಬ್ರ್ಯಾಂಡಿಗೆ ಹೊಂದಿಸಲು ಅವಕಾಶ ಇರುತ್ತದೆ. ಆದ್ದರಿಂದ ಅಳತೆಯ ಪಕ್ಕದಲ್ಲಿ ಯಾವ ಬ್ರ್ಯಾಂಡಿನ ಸೆಟ್ ಹಾಕಿ ಅಳೆದದ್ದು ಎಂದು ಬರೆಯದಿದ್ದರೆ ಆ ಅಳತೆಗೆ ಅರ್ಥವಿಲ್ಲ. ಟೆಂಡರ್ ಬದಲಾಗಿ ಹೊಸ ಬ್ರ್ಯಾಂಡಿನ ಸೆಟ್ ಬಂದ ದಿನ ಒಂದೆರಡು ಪಂಪ್‌ಗಳನ್ನಾದರೂ ಮತ್ತೆ ತೂಗಿ ನೋಡಬೇಕು. ಸಿರಿಂಜ್ ಪಂಪ್‌ಗೂ ಇದೇ ನ್ಯಾಯ: 50 ಮಿಲಿಲೀಟರ್ ಸಿರಿಂಜುಗಳ ಒಳವ್ಯಾಸ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಮೆನುವಿನಲ್ಲಿ ತಪ್ಪು ಹೆಸರು ಆರಿಸಿದರೆ ಡೋಸ್ ತಪ್ಪುತ್ತದೆ.

9 ಶೇಕಡಾ ಅಷ್ಟು ದೊಡ್ಡದೇ? ಕೀಟನಾಶಕ ಕುಡಿದ ರೋಗಿಗೆ ಅಟ್ರೋಪಿನ್ ಹರಿಸುವಾಗ ವೈದ್ಯರು ನಾಡಿ, ಶ್ವಾಸಕೋಶದ ಸದ್ದು ನೋಡಿ ಪ್ರಮಾಣ ಏರಿಳಿಸುತ್ತಾರೆ. ಹಾಗಾಗಿ ಒಂದೇ ಪಂಪ್‌ನ ಸಣ್ಣ ತಪ್ಪು ತಾನಾಗಿ ಸರಿದೂಗಬಹುದು. ತೊಂದರೆ ಆಗುವುದು ಪಂಪ್ ಬದಲಿಸಿದಾಗ. ರಕ್ತದೊತ್ತಡ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ 9 ಶೇಕಡಾ ಕಡಿಮೆ ಸುರಿಯುವ ಪಂಪ್‌ನಲ್ಲಿ ಹರಿಯುತ್ತಿದೆ, ಒತ್ತಡ ಹದಕ್ಕೆ ಬಂದಿದೆ. ರೋಗಿಯನ್ನು ಬೇರೆ ವಾರ್ಡಿಗೆ ಸಾಗಿಸುವಾಗ 3 ಶೇಕಡಾ ಹೆಚ್ಚು ಸುರಿಯುವ ಇನ್ನೊಂದು ಪಂಪ್‌ಗೆ ಹಾಕಿದರು. ಎರಡೂ ಪರದೆಗಳಲ್ಲಿ ಒಂದೇ ಅಂಕಿ. ಆದರೆ ರಕ್ತಕ್ಕೆ ಸೇರುವ ಔಷಧಿ ಒಮ್ಮೆಗೇ ಸುಮಾರು 13 ಶೇಕಡಾ ಏರಿತು. ಒತ್ತಡ ಏಕೆ ಜಿಗಿಯಿತು ಎಂದು ವಾರ್ಡಿನವರು ರೋಗದಲ್ಲಿ ಕಾರಣ ಹುಡುಕುತ್ತಾರೆ.

ಪಂಪ್‌ನ ಇನ್ನೊಂದು ಪರೀಕ್ಷೆ ಅಡಚಣೆಯ ಅಲಾರಂನದು. ನಳಿಕೆ ಮಡಚಿಕೊಂಡರೆ, ಸೂಜಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಂಪ್ ಒತ್ತಡ ಕಟ್ಟುತ್ತ ಹೋಗಿ, ಒಂದು ಮಿತಿ ದಾಟಿದಾಗ ಕೂಗುತ್ತದೆ. ರೋಗಿಯ ಕಡೆಯ ತುದಿಯನ್ನು ಕ್ಲಾಂಪ್‌ನಿಂದ ಮುಚ್ಚಿ, ಕೂಗಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆಯಬೇಕು. ಹರಿವು ಕಡಿಮೆ ಇದ್ದಷ್ಟೂ ಈ ಸಮಯ ಉದ್ದವಾಗುತ್ತದೆ. ನವಜಾತ ಶಿಶುವಿಗೆ ಗಂಟೆಗೆ ಒಂದು ಮಿಲಿಲೀಟರ್‌ನಂತೆ ದೊಡ್ಡ ಸಿರಿಂಜಿನಲ್ಲಿ ಕೊಡುವಾಗ, ಮಿತಿಯನ್ನು ಎತ್ತರದಲ್ಲಿ ಇಟ್ಟಿದ್ದರೆ, ಅಲಾರಂ ಬರಲು ಅರ್ಧ ಗಂಟೆಗೂ ಮೀರಬಹುದು. ಅಷ್ಟು ಹೊತ್ತು ಮಗುವಿಗೆ ಔಷಧಿ ಇಲ್ಲ. ಆಮೇಲೆ ಗಾಬರಿಯಲ್ಲಿ ಅಡಚಣೆ ಬಿಡಿಸಿದರೆ ಕಟ್ಟಿಕೊಂಡಿದ್ದ ಔಷಧಿ ಒಮ್ಮೆಗೇ ನುಗ್ಗುತ್ತದೆ. ಮಕ್ಕಳ ವಾರ್ಡಿನ ಪಂಪ್‌ಗಳ ಪುಟದಲ್ಲಿ ಮಿತಿಯನ್ನು ಎಷ್ಟಕ್ಕೆ ಇಟ್ಟಿದೆ ಎಂಬುದೂ ಬರೆದಿರಬೇಕಾದದ್ದು ಇದಕ್ಕೆ.

ದೇವದುರ್ಗದಿಂದ ರೋಗಿಯನ್ನು ರಾಯಚೂರಿಗೆ ಕಳಿಸುವಾಗ ಈ ಪುಸ್ತಕ ನೇರವಾಗಿ ಕೆಲಸಕ್ಕೆ ಬರುತ್ತದೆ. ಆಂಬುಲೆನ್ಸ್‌ನಲ್ಲಿ ಒಂದು ಗಂಟೆಯ ದಾರಿ, ಹತ್ತಿಸಲು ಇಳಿಸಲು ಮತ್ತರ್ಧ ಗಂಟೆ, ದಾರಿಯಲ್ಲಿ ಏನಾದರೂ ಆದರೆ ಇನ್ನಷ್ಟು. ಜೊತೆಗೆ ಹೋಗುವ ಪಂಪ್‌ನ ಬ್ಯಾಟರಿ ಕನಿಷ್ಠ ಮೂರು ಗಂಟೆ ಬರಬೇಕು ಎಂದು ಇಟ್ಟುಕೊಂಡರೆ, ಆಸ್ಪತ್ರೆಯಲ್ಲಿರುವ ಪಂಪ್‌ಗಳಲ್ಲಿ ಯಾವುದು ಪ್ರಯಾಣಕ್ಕೆ ಯೋಗ್ಯ ಎಂಬುದು ಪುಟ ತಿರುವಿದರೆ ಗೊತ್ತಾಗಬೇಕು. ಉಳಿದವುಗಳಿಗೆ ‘ಗೋಡೆಯ ಪ್ಲಗ್‌ಗೆ ಮಾತ್ರ’ ಎಂದು ಸ್ಟಿಕರ್ ಅಂಟಿಸಿದರೆ ರಾತ್ರಿ ಪಾಳಿಯ ಸಿಸ್ಟರ್ ಆತುರದಲ್ಲಿ ತಪ್ಪು ಪಂಪ್ ಎತ್ತಿಕೊಳ್ಳುವುದಿಲ್ಲ.

ಪುಸ್ತಕ ಇದ್ದರೂ ಅದು ಸುಳ್ಳಾಗಿರಬಹುದು. ತಪಾಸಣೆಗೆ ಬಂದವರು ಅದನ್ನು ಹಿಡಿಯುವ ದಾರಿಗಳಿವೆ. ಹತ್ತು ಪಂಪ್‌ಗಳೂ ಸರಿಯಾಗಿ 60.0 ಗ್ರಾಂ ಕೊಟ್ಟಿವೆ ಎಂದರೆ ಯಾರೂ ತೂಗಿಲ್ಲ. ನಿಜವಾದ ಅಳತೆಗಳು 58.9, 60.7, 59.4 ಹೀಗೆ ಚದುರಿರುತ್ತವೆ. ಒಂದೇ ದಿನದಲ್ಲಿ ಮೂವತ್ತು ಯಂತ್ರಗಳ ಬ್ಯಾಟರಿ ಪರೀಕ್ಷೆ ಒಬ್ಬನೇ ಮುಗಿಸಿದ್ದಾನೆ ಎಂದರೂ ಅನುಮಾನಿಸಬೇಕು. ಅವರ್ ಮೀಟರ್ ಪ್ರಯೋಜನಕ್ಕೆ ಬರುವುದು ಇಲ್ಲಿ. ಜನವರಿಯಲ್ಲಿ 4,812 ಗಂಟೆ, ಏಪ್ರಿಲ್‌ನಲ್ಲೂ 4,812 ಎಂದಿದ್ದರೆ ಯಂತ್ರ ಮೂರು ತಿಂಗಳು ಓಡಿಲ್ಲ, ಇಲ್ಲವೇ ಬರೆದವನು ಯಂತ್ರದ ಹತ್ತಿರ ಹೋಗಿಲ್ಲ. ಯಂತ್ರದ ಮುಂದೆ ನಿಂತು ಈಗಿನ ಅಂಕಿ ನೋಡಿದರೆ ಎರಡರಲ್ಲಿ ಯಾವುದು ನಿಜ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಳೆಯುವ ಉಪಕರಣಕ್ಕೂ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಬೇಕು. ಅದರ ಪ್ರಮಾಣಪತ್ರದ ನಂಬರ್ ಪುಟದಲ್ಲಿ ಇಲ್ಲದಿದ್ದರೆ ಮೇಲಿನ ಅಂಕಿಗಳನ್ನೂ ನಂಬುವಂತಿಲ್ಲ.

ಈ ಪುಸ್ತಕಕ್ಕೆ ಮಿತಿಗಳೂ ಇವೆ. ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗುವುದು, ಸಿಡಿಲಿನ ಹೊಡೆತ, ಪಂಪ್ ನೆಲಕ್ಕೆ ಬಿದ್ದು ಬಾಗಿಲು ಒಡೆಯುವುದು, ಇವನ್ನು ಯಾವ ಪರೀಕ್ಷೆಯೂ ಮುಂಚೆ ಹೇಳಲಾರದು. ಸವೆಯುವ ಭಾಗಗಳ ಬಗ್ಗೆ ಮಾತ್ರ ಅದು ಭವಿಷ್ಯ ಹೇಳಬಲ್ಲದು: ಬ್ಯಾಟರಿ, ಸೆನ್ಸರ್, ಫಿಲ್ಟರ್, ಉಸಿರು ಹೊರಹೋಗುವ ವಾಲ್ವ್‌ನ ರಬ್ಬರ್ ಪೊರೆ, ಪಂಪ್‌ನ ಒತ್ತುವ ಕಡ್ಡಿಗಳು. ಅನಗತ್ಯವಾಗಿ ಬಿಚ್ಚಿ ಕಟ್ಟುವುದರಿಂದ ಚೆನ್ನಾಗಿದ್ದ ಯಂತ್ರ ಕೆಡುವುದೂ ಉಂಟು. ಆದ್ದರಿಂದ ಹೊರಗಿನಿಂದ ಅಳೆದು ನೋಡುವುದು ಮೊದಲು, ಅಂಕಿ ಕೆಟ್ಟಾಗ ಮಾತ್ರ ಬಿಚ್ಚುವುದು ಆಮೇಲೆ. ದುರಸ್ತಿಯಾದ ಮೇಲೆ ಮತ್ತೆ ಎಲ್ಲ ಅಳತೆ ಮಾಡಿ ಬರೆದ ಹೊರತು ಯಂತ್ರ ವಾರ್ಡಿಗೆ ಮರಳಬಾರದು.

ಇದಕ್ಕೆಲ್ಲ ದೊಡ್ಡ ಯೋಜನೆ ಬೇಕಿಲ್ಲ. ಒಂದು ಟೆಸ್ಟ್ ಲಂಗ್, ಒಂದು ತಕ್ಕಡಿ, ಗಡಿಯಾರ, ಯಂತ್ರಕ್ಕೊಂದು ಪುಟ ಇದ್ದರೆ ಅರ್ಧ ಕೆಲಸ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಉಳಿದದ್ದಕ್ಕೆ ಗ್ಯಾಸ್ ಮತ್ತು ಹರಿವಿನ ಅನಲೈಸರ್ ಹಿಡಿದು ಜಿಲ್ಲಾ ಕೇಂದ್ರದಿಂದ ಇಂಜಿನಿಯರ್ ಬಂದರಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳ ಸಭೆಯಲ್ಲಿ ಜನಪ್ರತಿನಿಧಿಗಳೂ ಊರಿನವರೂ ಕೂರುತ್ತಾರೆ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಆ ಸಭೆಗೆ ಹೋಗುವವರು ಮುಂದಿನ ಸಲ ‘ವೆಂಟಿಲೇಟರ್ ಎಷ್ಟಿವೆ’ ಎಂದು ಕೇಳಿ ಸುಮ್ಮನಾಗಬಾರದು. ಲಾಗ್ ಬುಕ್ ತರಿಸಿ, ಪ್ರತಿ ವೆಂಟಿಲೇಟರ್‌ನ ಬ್ಯಾಟರಿ ಕೊನೆಯ ಪರೀಕ್ಷೆಯಲ್ಲಿ ಎಷ್ಟು ನಿಮಿಷ ಬಂತು, ಆಮ್ಲಜನಕದ ಸೆನ್ಸರ್ ಹಾಕಿದ್ದು ಯಾವ ತಿಂಗಳು, ಪಂಪ್ 60ಕ್ಕೆ ಎಷ್ಟು ಗ್ರಾಂ ಕೊಟ್ಟಿತು ಎಂಬ ಮೂರು ಅಂಕಿಗಳನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಬೇಕು.